ಗುಂಯ್‌ಗುಡುವ ಮಂದಿರದಲ್ಲಿ ಭಜನೆಯ ರೆಕಾರ್ಡಿಂಗ್

ಭಜನೆ ನಡೆಯುವ ಮಂದಿರದಲ್ಲಿ ಹಾಡುವವರ ಧ್ವನಿ ಮೈಕಿಗೆ ಎರಡು ದಾರಿಯಲ್ಲಿ ಬರುತ್ತದೆ. ಒಂದು, ಬಾಯಿಂದ ನೇರವಾಗಿ. ಇನ್ನೊಂದು, ಗೋಡೆಗೆ ಬಡಿದು, ಚಾವಣಿಗೆ ಹಾರಿ, ಕಲ್ಲುಹಾಸಿಗೆ ಇಳಿದು, ಹೀಗೆ ಹತ್ತಾರು ಸಲ ಸುತ್ತಿ ತಡವಾಗಿ. ಈ ಎರಡನೆಯದನ್ನು ಪಠ್ಯಪುಸ್ತಕಗಳು ಅನುರಣನ ಎನ್ನುತ್ತವೆ; ಮೈಕ್‌ಸೆಟ್‌ನವರು ‘ಎಕೋ ಹೊಡೀತಿದೆ’ ಅನ್ನುವುದೂ ಬಹುಮಟ್ಟಿಗೆ ಇದನ್ನೇ. ಅಲ್ಲಿ ಕೂತು ಕೇಳುವವರಿಗೆ ಇದು ಅಷ್ಟಾಗಿ ಬಾಧಿಸುವುದಿಲ್ಲ. ಎರಡು ಕಿವಿ, ಒಂದು ತಲೆ, ಎದುರಿಗೇ ಕಾಣುವ ಹಾಡುಗಾರರ ಮುಖ, ಇವಿಷ್ಟೂ ಸೇರಿ ಮಿದುಳು ನೇರವಾಗಿ ಬಂದ ಧ್ವನಿಯನ್ನು ಹೆಕ್ಕಿಕೊಳ್ಳುತ್ತದೆ. ಮೈಕಿಗೆ ಆ ಜಾಣತನವಿಲ್ಲ. ಅದು ಎರಡನ್ನೂ ಬೆರೆಸಿ ಬರೆದುಕೊಳ್ಳುತ್ತದೆ. ಕೇಳಲು ಚೆನ್ನಾಗಿದ್ದ ಭಜನೆ ಮನೆಗೆ ಹೋಗಿ ಹಾಕಿ ನೋಡಿದಾಗ ಬಾವಿಯೊಳಗಿಂದ ಬಂದಂತೆ ಕೇಳುವುದು ಇದರಿಂದಲೇ.

ಹಾಗೆ ಕೆಟ್ಟಾಗ ಮೊದಲು ಹೋಗುವುದು ರಾಗವಲ್ಲ, ಮಾತು. ಮಂದಿರದ ಗುಂಗು ಎರಡು ಸೆಕೆಂಡಿಗೂ ಹೆಚ್ಚು ಉಳಿಯುತ್ತದೆ ಎಂದುಕೊಳ್ಳಿ. ಮಧ್ಯಮ ಲಯದ ದೇವರನಾಮದಲ್ಲಿ ಸೆಕೆಂಡಿಗೆ ನಾಲ್ಕು ಅಕ್ಷರ ಬಂದರೆ, ಒಂದು ಅಕ್ಷರದ ಬಾಲ ಮುಂದಿನ ಎಂಟು ಅಕ್ಷರಗಳ ಮೇಲೆ ಎಳೆದುಕೊಂಡು ಹೋಗುತ್ತದೆ. ಸ್ವರಗಳು ಬಲವಾದವು, ಹೇಗೋ ಉಳಿಯುತ್ತವೆ; ಕ, ತ, ಪ, ಸ ಮುಂತಾದ ಕಿರು ವ್ಯಂಜನಗಳೂ ಒತ್ತಕ್ಷರಗಳೂ ಹಿಂದಿನ ‘ಆ’ಕಾರದ ಬಾಲದಡಿ ಮುಚ್ಚಿಹೋಗುತ್ತವೆ. ದಾಸರ ಪದದಲ್ಲಿ ಸಾಹಿತ್ಯವೇ ಕೇಳಿಸದಿದ್ದರೆ ಉಳಿಯುವುದು ಬರೀ ಧಾಟಿ. ಹೀಗಾಗಿ ಮೈಕು ಇಡುವಾಗ ಮೊದಲ ಪ್ರಶ್ನೆ ಯಾವ ಕಂಪನಿಯದು ಎಂಬುದಲ್ಲ, ಎಷ್ಟು ದೂರದಲ್ಲಿ ಎಂಬುದು.

ಹಾಡುಗಾರರಿಂದ ಹಿಂದಕ್ಕೆ ಸರಿದಂತೆ ನೇರ ಧ್ವನಿ ಬೇಗ ಕುಗ್ಗುತ್ತದೆ: ದೂರ ಇಮ್ಮಡಿಯಾದಾಗಲೆಲ್ಲ 6 ಡೆಸಿಬಲ್ ಇಳಿಕೆ. ಗುಂಗು ಹಾಗಲ್ಲ. ಅದು ಕೋಣೆಯ ತುಂಬ ಸುಮಾರಾಗಿ ಒಂದೇ ಮಟ್ಟದಲ್ಲಿ ತುಂಬಿಕೊಂಡಿರುತ್ತದೆ. ಅಂದ ಮೇಲೆ ಎಲ್ಲೋ ಒಂದು ಕಡೆ ಎರಡೂ ಸರಿಸಮವಾಗಲೇಬೇಕು. ಅದನ್ನು ಇಲ್ಲಿ ಸಮಬಲದ ದೂರ ಎಂದು ಕರೆಯಬಹುದು. ಅದರ ಒಳಗೆ ಮಾತು ಸ್ಪಷ್ಟ, ಆಚೆ ಗುಂಗಿನ ರಾಜ್ಯ.

ಈ ದೂರವನ್ನು ಮುಂಚಿತವಾಗಿಯೇ ಲೆಕ್ಕ ಹಾಕಬಹುದು. ಒಂದು ಸಾಧಾರಣ ಭಜನಾ ಮಂದಿರ 12 ಮೀಟರ್ ಉದ್ದ, 8 ಮೀಟರ್ ಅಗಲ, ನಾಲ್ಕೂವರೆ ಮೀಟರ್ ಎತ್ತರ ಇದೆಯೆನ್ನಿ. ನೆಲಕ್ಕೆ ಗ್ರಾನೈಟು, ಗೋಡೆಗೆ ಸಿಮೆಂಟು ಗಾರೆ, ಮೇಲೆ ಆರ್‌ಸಿಸಿ. ಅದರ ಒಳಗಾತ್ರ 432 ಘನಮೀಟರ್. ಒಂದು ಬಲೂನು ಒಡೆದು, ಆ ಸದ್ದು ಪೂರ್ತಿ ಅಡಗುವವರೆಗೆ ಫೋನಿನಲ್ಲಿ ರೆಕಾರ್ಡು ಮಾಡಿ ನೋಡಿದರೆ ಗುಂಗಿನ ಕಾಲದ ಅಂದಾಜು ಸಿಗುತ್ತದೆ. ಇಲ್ಲಿ ಅದು 2.2 ಸೆಕೆಂಡು ಎಂದಿಟ್ಟುಕೊಳ್ಳೋಣ. 432ನ್ನು 2.2ರಿಂದ ಭಾಗಿಸಿ, ವರ್ಗಮೂಲ ತೆಗೆದು, 0.057ರಿಂದ ಗುಣಿಸಿದರೆ 0.8 ಮೀಟರ್ ಬರುತ್ತದೆ. ಎಲ್ಲ ದಿಕ್ಕಿಗೂ ಸಮನಾಗಿ ಸದ್ದು ಮಾಡುವ ವಸ್ತು ಮತ್ತು ಎಲ್ಲ ದಿಕ್ಕಿನಿಂದಲೂ ಸಮನಾಗಿ ಕೇಳುವ ಮೈಕು ಇದ್ದಾಗಿನ ಸಮಬಲದ ದೂರ ಇದು. ಮೂರಡಿಯೂ ಇಲ್ಲ! ಮಂದಿರದ ಆ ತುದಿಯಲ್ಲಿ ಸ್ಟ್ಯಾಂಡು ನಿಲ್ಲಿಸಿ ‘ಎಲ್ಲರದೂ ಬರಲಿ’ ಎನ್ನುವ ರೂಢಿ ಏಕೆ ಫಲಿಸುವುದಿಲ್ಲ ಎಂಬುದಕ್ಕೆ ಇಷ್ಟು ಸಾಕು.

ಅದೃಷ್ಟಕ್ಕೆ ಈ ದೂರವನ್ನು ಹಿಗ್ಗಿಸುವ ಎರಡು ಸಂಗತಿಗಳಿವೆ. ಮನುಷ್ಯನ ಬಾಯಿ ಮುಂದಕ್ಕೇ ಹೆಚ್ಚು ಧ್ವನಿ ಬಿಡುತ್ತದೆ; ಮಾತಿನ ಸ್ಪಷ್ಟತೆಗೆ ಬೇಕಾದ ಸ್ಥಾಯಿಗಳಲ್ಲಿ ಇದರಿಂದ ದೂರ ಸುಮಾರು 1.4 ಪಟ್ಟು ಹೆಚ್ಚುತ್ತದೆ. ಎರಡನೆಯದು ಮೈಕಿನ ಜಾತಿ. ಓಮ್ನಿ ಮೈಕು ಸುತ್ತಲಿನದನ್ನೆಲ್ಲ ಕೇಳುತ್ತದೆ. ಕಾರ್ಡಿಯಾಯ್ಡ್ ಮೈಕು ಮುಂದಿನದನ್ನು ಚೆನ್ನಾಗಿ, ಪಕ್ಕದ್ದನ್ನು ಅರೆಬರೆಯಾಗಿ ಕೇಳಿಸಿಕೊಂಡು ಬೆನ್ನ ಹಿಂದಿನದನ್ನು ಬಹುಪಾಲು ಬಿಡುತ್ತದೆ. ಹೀಗೆ ಸುತ್ತಲಿಂದ ಬರುವ ಗುಂಗಿನ ಶಕ್ತಿಯಲ್ಲಿ ಅದು ಹಿಡಿಯುವುದು ಮೂರರಲ್ಲಿ ಒಂದು ಪಾಲು ಮಾತ್ರ. ದೂರ ಇನ್ನೂ 1.7 ಪಟ್ಟು ಹಿಗ್ಗುತ್ತದೆ. ಎರಡನ್ನೂ ಸೇರಿಸಿದರೆ ನಮ್ಮ ಮಂದಿರದ ಲೆಕ್ಕ 1.95 ಮೀಟರಿಗೆ ಬಂದು ನಿಲ್ಲುತ್ತದೆ. ಯುರೋಪಿನ ಚರ್ಚುಗಳಲ್ಲಿ ವೃಂದಗಾನಕ್ಕೆ ದೂರದಲ್ಲಿ ಎರಡು ಓಮ್ನಿ ನಿಲ್ಲಿಸುವ ಪದ್ಧತಿ ಹಳೆಯದು, ಅಲ್ಲಿಗೆ ಒಪ್ಪುವಂಥದ್ದು. ಎಷ್ಟೋ ರಚನೆಗಳು ಕಟ್ಟಡದ ಗುಂಗನ್ನು ಮನಸ್ಸಿನಲ್ಲಿಟ್ಟೇ ಹುಟ್ಟಿದವು. ತಾಳ ಹಿಡಿದು ಚುರುಕಾಗಿ ಹಾಡುವ ಭಜನೆಗೆ ಅದನ್ನು ತಂದರೆ ಕೈಸುಡುತ್ತದೆ. ಇಲ್ಲಿ ಕಾರ್ಡಿಯಾಯ್ಡೇ ಸರಿ.

ಇನ್ನು ಸ್ಟೀರಿಯೊ. ಎರಡು ಸ್ಪೀಕರುಗಳ ನಡುವೆ ಹಾಡುಗಾರರು ಎಡದಿಂದ ಬಲಕ್ಕೆ ಹರಡಿ ಕೂತಂತೆ ಕೇಳಬೇಕಾದರೆ ಎರಡು ಮೈಕುಗಳಿಗೆ ತಲುಪುವ ಧ್ವನಿಯಲ್ಲಿ ಸ್ವಲ್ಪ ವ್ಯತ್ಯಾಸ ಇರಬೇಕು: ಮಟ್ಟದಲ್ಲೋ, ಸಮಯದಲ್ಲೋ, ಎರಡರಲ್ಲೋ. ಬ್ರಿಟನ್ನಿನ ಎಂಜಿನಿಯರ್ ಅಲನ್ ಬ್ಲಮ್ಲೀನ್ 1931ರಲ್ಲಿ ಪೇಟೆಂಟಿಗೆ ಸಲ್ಲಿಸಿದ ಅರ್ಜಿಯಲ್ಲೇ ಇದರ ಬುನಾದಿ ಇದೆ. ಭಜನಾ ಮಂದಿರದ ಕೆಲಸಕ್ಕೆ ಹೆಚ್ಚು ಹೊಂದುವುದು ಫ್ರಾನ್ಸಿನ ರೇಡಿಯೊದವರು 1960ರ ಸುಮಾರಿಗೆ ರೂಢಿಸಿದ, ಅವರ ಸಂಸ್ಥೆಯ ಹೆಸರನ್ನೇ ಹೊತ್ತ ಒಆರ್‌ಟಿಎಫ್ ಜೋಡಣೆ. ಒಂದೇ ಜಾತಿಯ ಎರಡು ಕಾರ್ಡಿಯಾಯ್ಡ್ ಮೈಕು, ಒಂದೇ ಸ್ಟ್ಯಾಂಡು, ಅದರ ಮೇಲೊಂದು ಅಡ್ಡಪಟ್ಟಿ. ಮೈಕುಗಳ ಮೂತಿಗಳ ನಡುವೆ 17 ಸೆಂಟಿಮೀಟರ್, ಹೆಚ್ಚುಕಡಿಮೆ ಎರಡು ಕಿವಿಗಳ ಅಂತರ. ಎರಡೂ ಹೊರಮುಖವಾಗಿ, ನಡುವಿನ ಕೋನ 110 ಡಿಗ್ರಿ. ಕೋನವನ್ನು ಕಣ್ಣಂದಾಜಿನಲ್ಲಿ ಬಿಟ್ಟರೆ ಪ್ರತಿ ಸಲವೂ ಬೇರೆಯಾಗುತ್ತದೆ. ಮದುವೆ ಕಾಗದದಂಥ ದಪ್ಪ ರಟ್ಟಿನ ಮೇಲೆ ಕೋನಮಾಪಕದಿಂದ ಎರಡು ಗೆರೆ ಎಳೆದು, 17 ಸೆಂಟಿಮೀಟರ್ ಗುರುತು ಹಾಕಿ ಕತ್ತರಿಸಿಟ್ಟುಕೊಂಡರೆ ಅಡ್ಡಪಟ್ಟಿಯ ಮೇಲಿಟ್ಟು ಅರ್ಧ ನಿಮಿಷದಲ್ಲಿ ಹೊಂದಿಸಬಹುದು.

ಮೈಕುಗಳ ನಡುವಿನ ಈ 110 ಡಿಗ್ರಿ ಒಂದು, ಅವು ಸ್ಪೀಕರಿನಿಂದ ಸ್ಪೀಕರಿಗೆ ಹರಡಿ ತೋರಿಸುವ ಅಗಲ ಇನ್ನೊಂದು. ಇವೆರಡನ್ನು ಒಂದೇ ಎಂದುಕೊಂಡು ಎಡವುವವರು ಬಹಳ. ಒಆರ್‌ಟಿಎಫ್ ಜೋಡಿಯ ಮುಂದೆ ನಡುಗೆರೆಯಿಂದ ಎಡಕ್ಕೆ 48, ಬಲಕ್ಕೆ 48 ಡಿಗ್ರಿಯೊಳಗೆ ಕೂತವರು ಎರಡು ಸ್ಪೀಕರುಗಳ ನಡುವೆ ಪೂರ್ತಿಯಾಗಿ ಹರಡಿಕೊಳ್ಳುತ್ತಾರೆ. ಅದರಾಚೆ ಕೂತವರು ಒಂದೊಂದು ಸ್ಪೀಕರಿನೊಳಗೇ ಒತ್ತೊತ್ತಾಗಿ ಸೇರುತ್ತಾರೆ. ತೀರ ಇಕ್ಕಟ್ಟಾಗಿ ಕೂತರೆ ಎಲ್ಲರೂ ನಡುವೆ ಗುಂಪುಗಟ್ಟಿದಂತಾಗಿ ಸ್ಟೀರಿಯೊ ಎನ್ನಿಸುವುದೇ ಇಲ್ಲ.

ಇಲ್ಲಿ ಎರಡು ಲೆಕ್ಕಗಳು ಒಂದನ್ನೊಂದು ಎಳೆದಾಡುತ್ತವೆ. ಗುಂಗು ಹೇಳುವುದು ‘ಹತ್ತಿರ ಬಾ’ ಎಂದು. ಗುಂಪಿನ ಅಗಲ ಹೇಳುವುದು ‘ಹಿಂದೆ ಸರಿ’ ಎಂದು. ಹನ್ನೆರಡು ಜನ ಸಾಲಾಗಿ ದೇವರಿಗೆ ಮುಖ ಮಾಡಿ ಕೂತರೆ ಸಾಲು ಆರು ಮೀಟರ್ ದಾಟುತ್ತದೆ. ಅದನ್ನು 96 ಡಿಗ್ರಿಯೊಳಗೆ ಹಿಡಿಸಲು ಮೈಕು 2.7 ಮೀಟರ್ ಹಿಂದೆ ಹೋಗಬೇಕು, ಅಂದರೆ ಸಮಬಲದ ದೂರದ ಆಚೆಗೆ. ಅನೇಕ ಕಡೆ ಇರುವ ಇನ್ನೊಂದು ರೂಢಿ, ಎರಡು ಸಾಲು ಎದುರುಬದುರಾಗಿ ಕೂರುವುದು. ನಡುವಿನ ಓಣಿಯಲ್ಲಿ ಜೋಡಿ ಮೈಕು ನಿಲ್ಲಿಸಿದರೆ ಹತ್ತಿರದ ಇಬ್ಬರು ಕಿವಿಯಲ್ಲೇ ಹಾಡಿದಂತೆ, ಉಳಿದವರು ಪಕ್ಕದ ಕೋಣೆಯಲ್ಲಿದ್ದಂತೆ ಬರುತ್ತದೆ. ಪರಿಹಾರ ಮೈಕಿನಲ್ಲಿಲ್ಲ, ಜಮಖಾನದ ಮೇಲಿದೆ: ರೆಕಾರ್ಡಿಂಗಿನ ಹೊತ್ತಿಗೆ ಮಾತ್ರ ಗುಂಪು ಮೈಕನ್ನು ನಡುವಿಟ್ಟುಕೊಂಡು ಕಮಾನಿನಂತೆ ಕೂರಬೇಕು.

ಸ್ಟ್ಯಾಂಡಿನ ಬುಡಕ್ಕೆ ಒಂದು ದಾರ ಕಟ್ಟಿ ಒಂದೂವರೆ ಮೀಟರ್ ಎಳೆದು ಜಮಖಾನದ ಮೇಲೆ ಸೀಮೆಸುಣ್ಣದಲ್ಲಿ ಕಮಾನು ಬರೆದರೆ, 96 ಡಿಗ್ರಿಯ ಒಳಗೆ ಅದರ ಉದ್ದ ಎರಡೂವರೆ ಮೀಟರ್. ಅರ್ಧ ಮೀಟರಿಗೊಬ್ಬರಂತೆ ಐದು ಜನ. ದಾರವನ್ನು 2.2 ಮೀಟರಿಗೆ ಉದ್ದ ಮಾಡಿ ಇನ್ನೊಂದು ಕಮಾನು ಬರೆದರೆ ಮೂರೂಮುಕ್ಕಾಲು ಮೀಟರಿನಷ್ಟು, ಏಳು ಜನ. ಅಲ್ಲಿಗೆ ಹನ್ನೆರಡೂ ಜನ ಕೂತಾಯಿತು. ಹಿಂದಿನ ಸಾಲು ಮುಂದಿನವರ ತಲೆಗಳ ನಡುವೆ ಇಣುಕುವಂತೆ ಕೂರಲಿ. ಗಟ್ಟಿ ಕಂಠದವರು ಹಿಂದೆ, ಮೆತ್ತಗೆ ಹಾಡುವವರು ಮುಂದೆ. ಪಲ್ಲವಿ ಹೇಳಿಕೊಡುವವರು ಮುಂದಿನ ಸಾಲಿನ ನಟ್ಟನಡುವೆ ಕೂರಬೇಕು. ಒಬ್ಬರು ಹೇಳಿ ಎಲ್ಲರೂ ತೆಗೆದುಕೊಳ್ಳುವ ಭಜನೆಯಲ್ಲಿ ಆ ಒಂಟಿ ಧ್ವನಿ ನಡುವಿನಿಂದ ಬಂದು, ಉತ್ತರ ಎರಡೂ ಕಡೆಯಿಂದ ತುಂಬಿ ಬರುವ ಚೆಂದಕ್ಕಾಗಿಯೇ ಸ್ಟೀರಿಯೊ ಇರುವುದು.

ಎತ್ತರದ ಮಾತು. ನೆಲದ ಮೇಲೆ ಪದ್ಮಾಸನ ಹಾಕಿ ಕೂತವರ ಬಾಯಿ ನೆಲದಿಂದ ಸುಮಾರು 70 ಸೆಂಟಿಮೀಟರ್ ಮೇಲಿರುತ್ತದೆ. ಮೈಕು ಅದೇ ಮಟ್ಟದಲ್ಲಿದ್ದರೆ ಹಿಂದಿನ ಸಾಲಿನ ಧ್ವನಿಗೆ ಮುಂದಿನವರ ಬೆನ್ನು, ತಲೆ ಅಡ್ಡ. ಮೈಕನ್ನು 1.6 ಮೀಟರಿಗೆ ಏರಿಸಿ ಮೂತಿಯನ್ನು ಕೆಳಕ್ಕೆ, ಎರಡು ಸಾಲುಗಳ ನಡುವಿಗೆ ಬಾಗಿಸಿದರೆ ಮುಂದಿನವರಿಂದ ಓರೆದೂರ 1.75 ಮೀಟರ್, ಹಿಂದಿನವರಿಂದ 2.4 ಮೀಟರಿನಷ್ಟು. ಮುಂದಿನ ಸಾಲು ಸಮಬಲದ ದೂರದ ಒಳಗೇ ಇದೆ. ಹಿಂದಿನದು ತುಸು ಆಚೆ. ಅದು ದೋಷವಲ್ಲ, ಗುಂಪಿಗೆ ಆಳ ಕೊಡುವುದು ಅದೇ. ಇನ್ನೂ ಎತ್ತರಿಸಿದರೆ ಎರಡು ಸಾಲೂ ಸಮವಾಗುತ್ತವೆ ನಿಜ, ಆದರೆ ಒಟ್ಟಾರೆ ದೂರ ಬೆಳೆದು ಗುಂಗು ಗೆಲ್ಲುತ್ತದೆ.

ಮೇಲಿನ ಲೆಕ್ಕವೆಲ್ಲ ಬಾಯಿ ಮೈಕಿನ ಕಡೆಗಿದ್ದರೆ ಮಾತ್ರ. ಭಜನೆಯಲ್ಲಿ ಬಾಯಿ ಸಾಮಾನ್ಯವಾಗಿ ತೊಡೆಯ ಮೇಲಿನ ಪುಸ್ತಕದ ಕಡೆಗಿರುತ್ತದೆ. ತಲೆ ತಗ್ಗಿಸಿ ಹಾಡಿದರೆ ಧ್ವನಿ ನೆಲಕ್ಕೆ ಹೋಗಿ, ಅಲ್ಲಿಂದ ಚಿಮ್ಮಿ, ಗುಂಗಿನ ಪಾಲಾಗುತ್ತದೆ. ವ್ಯಂಜನಗಳು ಮೊದಲೇ ಮಂಕಾಗುತ್ತವೆ. ಪುಸ್ತಕವನ್ನು ವ್ಯಾಸಪೀಠದ ಮೇಲಿಟ್ಟು ಎದೆಯ ಮಟ್ಟಕ್ಕೆ ತಂದರೆ ಆಗುವ ಲಾಭ ಎಷ್ಟೋ ಸಲ ದುಬಾರಿ ಮೈಕಿಗಿಂತ ಹೆಚ್ಚು.

ಗುಂಪನ್ನು ಗೋಡೆಗೆ ಒರಗಿಸಿ ಕೂರಿಸಬಾರದು, ಮೂಲೆಗಂತೂ ಬೇಡವೇ ಬೇಡ. ತಬಲದ ಡಗ್ಗಾ ಮೂಲೆಯಲ್ಲಿ ಡಬ್ಬ ಬಡಿದಂತಾಗುತ್ತದೆ. ಹಿಂದಿನ ಸಾಲಿಗೂ ಗೋಡೆಗೂ ನಡುವೆ ಒಂದೂವರೆ ಎರಡು ಮೀಟರ್ ಬಿಡಬೇಕು. ಮಂದಿರದ ಅಗಲದ ಸರಿ ಮಧ್ಯದಲ್ಲೂ ಕೆಲವು ತಗ್ಗಿನ ಸ್ವರಗಳು ಉಬ್ಬುವುದು, ಕೆಲವು ಮಾಯವಾಗುವುದು ಇದೆ. ಹಾಗಾಗಿ ಸ್ಟ್ಯಾಂಡನ್ನು ಮಧ್ಯದಿಂದ ಒಂದು ಮೊಳ ಸರಿಸುವುದು ಒಳ್ಳೆಯದು. ಗುಂಗು ತಗ್ಗಿಸಲು ಇರುವುದು ನಾಲ್ಕೇ ದಪ್ಪ ಜಮಖಾನ ಎಂದಾದರೆ, ಒಂದೆರಡನ್ನು ಹಾಡುಗಾರರ ಮತ್ತು ಮೈಕಿನ ನಡುವಿನ ನೆಲಕ್ಕೆ ಹಾಸಿ, ಉಳಿದವನ್ನು ಹಾಡುಗಾರರ ಬೆನ್ನ ಹಿಂದಿನ ಗೋಡೆಗೆ ತೂಗುಹಾಕಬೇಕು. ಮೈಕಿನ ಬೆನ್ನ ಹಿಂದಿನ ಗೋಡೆಗೆ ಹಾಕುವವರೇ ಹೆಚ್ಚು. ಆದರೆ ಕಾರ್ಡಿಯಾಯ್ಡ್ ಮೂತಿ ನೋಡುತ್ತಿರುವುದು ಹಾಡುಗಾರರ ಹಿಂದಿನ ಗೋಡೆಯನ್ನು.

ವಾದ್ಯಗಳಲ್ಲಿ ತಂಟೆ ಕೊಡುವುದು ತಾಳ. ಅದರ ಸದ್ದು ಚೂಪು, ಸಣ್ಣ ಮಂದಿರದಲ್ಲಿ ನಾಲ್ಕು ಜೊತೆ ತಾಳ ಬಡಿದರೆ ಸಾಹಿತ್ಯದ ವ್ಯಂಜನಗಳಿರುವ ಸ್ಥಾಯಿಯನ್ನೇ ಪೂರ್ತಿ ಆಕ್ರಮಿಸುತ್ತದೆ. ತಾಳದವರನ್ನು ಮೈಕಿನ ಬೆನ್ನ ಹಿಂದೆ ಕೂರಿಸಿದರೆ ನೇರ ಸದ್ದೇನೋ ತಗ್ಗುತ್ತದೆ. ಆದರೆ ಆಗ ಕೇಳುವುದು ಅದರ ಗುಂಗು ಮಾತ್ರ, ಪೆಟ್ಟು ಸ್ಪಷ್ಟವಿಲ್ಲದ ಜಿಲುಜಿಲು. ಒಂದೇ ಜೊತೆ ಇಟ್ಟುಕೊಂಡು, ಹಿಂದಿನ ಸಾಲಿನ ತುದಿಯಲ್ಲಿ ಕೂತು, ಮಡಿಲ ಮಟ್ಟದಲ್ಲಿ ಹಿಡಿದು ನುಡಿಸುವುದೇ ಮೇಲು. ಹಾರ್ಮೋನಿಯಂನ ತಿದಿ ಇರುವುದು ನುಡಿಸುವವರ ಎದುರಿನ ಬದಿಯಲ್ಲಿ, ಅಂದರೆ ಮೈಕಿನ ಕಡೆಗೆ. ಅದರ ಉಸಿರಾಟ ನಿಧಾನದ ಪದಗಳಲ್ಲಿ ಚೆನ್ನಾಗಿ ಕೇಳುತ್ತದೆ. ಪೆಟ್ಟಿಗೆಯನ್ನು ಕಾಲುಭಾಗ ಪಕ್ಕಕ್ಕೆ ತಿರುಗಿಸಿದರೆ ಕಡಿಮೆಯಾದೀತು. ತಬಲ ಅಥವಾ ಮೃದಂಗ ಮುಂದಿನ ಸಾಲಿನ ಒಂದು ಬದಿಗಿರಲಿ.

ಮಂದಿರದ ಧ್ವನಿವರ್ಧಕ ಆ ಹೊತ್ತಿಗೆ ಬಂದ್ ಆಗಿರಲೇಬೇಕು. ಸ್ಪೀಕರಿನಿಂದ ಹೊರಟದ್ದು ಜೋಡಿ ಮೈಕಿಗೆ ಮತ್ತೆ ಬಿದ್ದರೆ ಮೇಲಿನ ಒಂದು ಲೆಕ್ಕವೂ ನಿಲ್ಲುವುದಿಲ್ಲ. ಫ್ಯಾನುಗಳೂ ಬಂದ್.

ಕೂತದ್ದಾಯಿತು, ಇನ್ನು ಪರೀಕ್ಷೆ. ಮೊದಲು ಒಬ್ಬರು ಕಮಾನಿನ ಎಡತುದಿಯಿಂದ ಬಲತುದಿಗೆ ‘ಒಂದು, ಎರಡು’ ಎನ್ನುತ್ತ ನಡೆಯಲಿ. ಹೆಡ್‌ಫೋನಿನಲ್ಲಿ ಆ ಧ್ವನಿ ಎಡದಿಂದ ಬಲಕ್ಕೆ ಸಲೀಸಾಗಿ ಸಾಗಬೇಕು. ಉಲ್ಟಾ ಸಾಗಿದರೆ ಕೇಬಲ್ಲುಗಳು ಅದಲುಬದಲಾಗಿವೆ. ನಡುವೆ ಬಂದಾಗ ಧ್ವನಿ ತೆಳುವಾಗಿ, ಎಲ್ಲಿಂದ ಬರುತ್ತಿದೆ ಎಂದೇ ತಿಳಿಯದಂತಾದರೆ ಒಂದು ಕೇಬಲ್ಲಿನ ಒಳತಂತಿಗಳು ತಿರುಗುಮುರುಗಾಗಿರುವ ಸಂಭವ ಹೆಚ್ಚು. ಎರಡು ಚಾನೆಲ್ಲನ್ನೂ ಕೂಡಿಸಿ ಮೊನೊ ಮಾಡಿ ಕೇಳಿದರೆ ಆ ನಡುವಿನ ಧ್ವನಿ ಬಹುಪಾಲು ಅಳಿಸಿಹೋಗುತ್ತದೆ. ಈ ಮೊನೊ ಪರೀಕ್ಷೆ ಹೇಗೂ ಬೇಕು. ಕೇಳುಗರಲ್ಲಿ ಅನೇಕರು ಕೇಳುವುದು ಫೋನಿನ ಒಂದೇ ಸ್ಪೀಕರಿನಲ್ಲಿ.

ಆಮೇಲೆ ಒಂದೇ ಪಲ್ಲವಿಯನ್ನು ಮೂರು ಕಡೆಯಿಂದ ಅರ್ಧರ್ಧ ನಿಮಿಷ ರೆಕಾರ್ಡು ಮಾಡಬೇಕು: ಗುರುತು ಮಾಡಿದ ಜಾಗ, ಅಲ್ಲಿಂದ ಮೂವತ್ತು ಸೆಂಟಿಮೀಟರ್ ಮುಂದೆ, ಅಷ್ಟೇ ಹಿಂದೆ. ಆ ಹಾಡು ಗೊತ್ತಿಲ್ಲದ ಒಬ್ಬರನ್ನು ಹೊರಗೆ ಕೂರಿಸಿ ಕೇಳಿಸಿ, ಮಾತು ಬರೆದುಕೊಳ್ಳಲು ಹೇಳುವುದು ಉತ್ತಮ. ಹಾಡಿದವರಿಗೆ ಸಾಹಿತ್ಯ ಬಾಯಿಪಾಠವಾದ್ದರಿಂದ ಕೇಳದ ಅಕ್ಷರವೂ ಕೇಳಿದಂತಿರುತ್ತದೆ. ಮಾತು ಕಲಸಿಕೊಂಡರೆ ಮುಂದೆ ಬರಬೇಕು. ಒಬ್ಬಿಬ್ಬರ ಧ್ವನಿಯೇ ಎದ್ದು ಕಂಡು ಗುಂಪು ಚೂರಾದಂತಿದ್ದರೆ ಹಿಂದೆ ಸರಿಯಬೇಕು. ಎರಡು ಜಾಗಗಳ ನಡುವೆ ಅನುಮಾನ ಉಳಿದರೆ ಹತ್ತಿರದ್ದನ್ನೇ ಆರಿಸುವುದು ಕ್ಷೇಮ: ಕೊರತೆಯಾದ ಗುಂಗನ್ನು ಕಂಪ್ಯೂಟರಿನಲ್ಲಿ ಎಷ್ಟು ಬೇಕಾದರೂ ಸೇರಿಸಬಹುದು, ಹೆಚ್ಚಾದದ್ದನ್ನು ಚೊಕ್ಕಟವಾಗಿ ತೆಗೆಯುವುದು ಕಷ್ಟ. ರೆಕಾರ್ಡರಿನ ಮಟ್ಟವನ್ನು ನಿಧಾನದ ಮೊದಲ ಪದಕ್ಕಲ್ಲ, ಲಯ ಏರಿ ತಾಳ ಸಮೇತ ಎಲ್ಲರೂ ಹಾಡುವ ಕೊನೆಯ ಭಾಗಕ್ಕೆ ಹೊಂದಿಸಬೇಕು. ಆಗಲೂ ಮುಳ್ಳು ಮೈನಸ್ 12ರ ಆಸುಪಾಸಿನಲ್ಲಿದ್ದು, 24 ಬಿಟ್‌ನಲ್ಲಿ ರೆಕಾರ್ಡಾಗುತ್ತಿದ್ದರೆ ಸಾಕು.

ಎರಡು ಬೇರೆ ಮೈಕಿನ ಬದಲು ಕೈಯಲ್ಲಿ ಹಿಡಿಯುವ ಪುಟ್ಟ ರೆಕಾರ್ಡರೇ ಇದ್ದರೆ ಅದರ ತಲೆಯ ಮೇಲಿನ ಎರಡು ಮೈಕು ಒಂದರ ಮೇಲೊಂದು ಅಡ್ಡಹಾಯ್ದಿರುತ್ತವೆ. ಎಕ್ಸ್‌ವೈ ಎಂಬ ಈ ಜೋಡಣೆ ಮೊನೊದಲ್ಲಿ ಕೆಡುವುದಿಲ್ಲ, ಆದರೆ ಅದೇ ಗುಂಪನ್ನು ಅದೇ ದೂರದಿಂದ ಹೆಚ್ಚು ಇಕ್ಕಟ್ಟಾಗಿ ತೋರಿಸುತ್ತದೆ. 1.2 ಮೀಟರಿನಷ್ಟು ಹತ್ತಿರ ತಂದು, ಕಮಾನನ್ನು ಇನ್ನೂ ಬಾಗಿಸಿ ಕುದುರೆಲಾಳದ ಆಕಾರಕ್ಕೆ ತಂದರೆ ಹೊಂದುತ್ತದೆ.

ಈ ಲೆಕ್ಕಕ್ಕೂ ಮಿತಿಯಿದೆ. ಇದೇ ಗಾತ್ರದ ಮಂದಿರದಲ್ಲಿ ಗುಂಗು 4 ಸೆಕೆಂಡಿದ್ದರೆ ಸಮಬಲದ ದೂರ 1.45 ಮೀಟರಿಗೆ ಕುಸಿಯುತ್ತದೆ, ಹನ್ನೆರಡು ಜನರ ಕಮಾನು ಅದರೊಳಗೆ ಹಿಡಿಸುವುದಿಲ್ಲ. ಆಗ ಏಳೆಂಟು ಜನರಿಗೆ ಇಳಿಯಬೇಕು, ಇಲ್ಲವೇ ಬೇರೆ ಕೋಣೆ ಹುಡುಕಬೇಕು. ಮೈಕು ಬದಲಿಸಿ ಪ್ರಯೋಜನವಿಲ್ಲ.

ಇನ್ನೊಂದು ತುದಿಯಲ್ಲಿ ಏಕಾದಶಿಯ ರಾತ್ರಿ. ಖಾಲಿ ಮಂದಿರದಲ್ಲಿ ಗುರುತು ಹಾಕಿದ ಜಾಗ ಆ ದಿನಕ್ಕೆ ಸರಿಹೋಗುವುದಿಲ್ಲ. ಕೂತ ಒಬ್ಬ ಮನುಷ್ಯ ಬಟ್ಟೆಬರೆ ಸಮೇತ ಸುಮಾರು 0.45 ಚದರ ಮೀಟರ್ ತೆರೆದ ಕಿಟಕಿಯಷ್ಟು ಸದ್ದನ್ನು ಹೀರಿಕೊಳ್ಳುತ್ತಾನೆ. ಐವತ್ತು ಭಕ್ತರು ಬಂದು ಕೂತರೆ ನಮ್ಮ ಮಂದಿರದ 2.2 ಸೆಕೆಂಡು 1.3ರ ಹತ್ತಿರಕ್ಕೆ ಇಳಿದು, ಸಮಬಲದ ದೂರ ಎರಡೂವರೆ ಮೀಟರಿಗೆ ಬೆಳೆಯುತ್ತದೆ. ಸ್ಟ್ಯಾಂಡಿನ ಮೂರು ಕಾಲುಗಳಿಗೆ ನೆಲದ ಮೇಲೆ ಟೇಪು ಅಂಟಿಸುವಾಗ ಎರಡು ಬಣ್ಣದ್ದು ಇಟ್ಟುಕೊಳ್ಳಿ: ಒಂದು ಖಾಲಿ ಮಂದಿರಕ್ಕೆ, ಇನ್ನೊಂದು ಅದರ ಹಿಂದೆ ಅರ್ಧ ಮೀಟರಿನಲ್ಲಿ, ಜನ ತುಂಬಿದ ದಿನಕ್ಕೆ.